ರೆಫರಲ್ ಕೇಳಿ, ಇಕ್ಕಟ್ಟಿಗೆ ಸಿಲುಕಿಸಬೇಡಿ

ರೆಫರಲ್ ಎಂದರೆ ಒಳಗಿರುವವರು ಮ್ಯಾನೇಜರ್ ಕಿವಿಯಲ್ಲಿ ಒಂದು ಮಾತು ಹಾಕುವುದು ಎಂದು ಅನೇಕರು ತಿಳಿದಿದ್ದಾರೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಅದು ಬಹುಪಾಲು ಒಂದು ಫಾರ್ಮು, ಅಷ್ಟೇ. ಉದ್ಯೋಗಿ ಕಂಪನಿಯ ಪೋರ್ಟಲ್‌ಗೆ ಲಾಗಿನ್ ಆಗಿ, ಜಾಬ್ ಐಡಿ ಹುಡುಕಿ, ನಿಮ್ಮ ಹೆಸರು, ಇಮೇಲ್, ರೆಸ್ಯೂಮ್ ಹಾಕಬೇಕು. ಐದು ನಿಮಿಷದ ಕೆಲಸ. ತೊಡಕಿರುವುದು ಆಮೇಲೆ ಬರುವ ಪ್ರಶ್ನೆಗಳಲ್ಲಿ: ಇವರು ನಿಮಗೆ ಹೇಗೆ ಗೊತ್ತು? ಜೊತೆಯಲ್ಲಿ ನೇರವಾಗಿ ಕೆಲಸ ಮಾಡಿದ್ದೀರಾ? ಕೆಲವು ಕಡೆ, ಶಿಫಾರಸು ಎಷ್ಟು ಗಟ್ಟಿ ಎಂದೂ ಕೇಳುತ್ತಾರೆ. ಆ ಉತ್ತರ ಬರೆದವರ ಹೆಸರಿನ ಸಮೇತ ರಿಕ್ರೂಟರ್‌ಗೆ ಹೋಗುತ್ತದೆ.

ಅಂದರೆ ನೀವು ಕೇಳುತ್ತಿರುವುದು ಎರಡು ಬೇರೆ ಬೇರೆ ಉಪಕಾರ. ರೆಸ್ಯೂಮ್ ಒಳಗೆ ಹಾಕುವುದು ಒಂದು, ನಿಮ್ಮ ಕೆಲಸಕ್ಕೆ ಸಾಕ್ಷಿ ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ಒಪ್ಪುವ ಎಷ್ಟೋ ಜನ ಎರಡನೆಯದಕ್ಕೆ ಹಿಂದೆಮುಂದೆ ನೋಡುತ್ತಾರೆ. ಅದು ಸಹಜ. ಎರಡನ್ನೂ ಒಂದೇ ಗಂಟಾಗಿ ಕಟ್ಟಿ ‘ಒಂದು ರೆಫರ್ ಮಾಡ್ತೀರಾ?’ ಎಂದು ಕೇಳಿದಾಗಲೇ ಅವರು ಇಕ್ಕಟ್ಟಿಗೆ ಬೀಳುವುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಟೆಸ್ಟಿಂಗ್ ವಿಭಾಗದ ಮಂಜುನಾಥ ಮತ್ತು ಡೆವಲಪರ್ ಶ್ರುತಿ ಒಂದೇ ಪ್ರಾಜೆಕ್ಟಿನಲ್ಲಿ ಎಂಟು ತಿಂಗಳು ಕೆಲಸ ಮಾಡಿದ್ದರು. ಶ್ರುತಿ ಈಗ ಬೇರೆ ಕಂಪನಿಯಲ್ಲಿದ್ದಾರೆ, ಅಲ್ಲೊಂದು ಹುದ್ದೆ ಖಾಲಿಯಿದೆ. ಮಂಜುನಾಥ ಫೋನ್ ಮಾಡಿದರೆ ಆಕೆ ಆ ಕ್ಷಣದಲ್ಲೇ ಹೂಂ ಅನ್ನಬೇಕು ಇಲ್ಲವೇ ನೆಪ ಹುಡುಕಬೇಕು. ಹಳೆಯ ಟೀಮಿನ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದರಂತೂ ಎಲ್ಲರೆದುರು ಹಿಡಿದು ನಿಲ್ಲಿಸಿದಂತೆ. ಅವರಿಗಷ್ಟೇ ಕಳಿಸುವ ಮೆಸೇಜು ವಾಸಿ. ಹೀಗಿರಬಹುದು:

‘ಶ್ರುತಿ, ನಮಸ್ಕಾರ. ಬಿಲ್ಲಿಂಗ್ ಪ್ರಾಜೆಕ್ಟಿನಲ್ಲಿ ನಿಮ್ಮ ಜೊತೆ ಟೆಸ್ಟಿಂಗ್ ಮಾಡುತ್ತಿದ್ದ ಮಂಜುನಾಥ. ನಿಮ್ಮ ಕಂಪನಿಯ ಒಂದು ಹುದ್ದೆ ನೋಡಿದೆ, ಲಿಂಕ್ ಮತ್ತು ಜಾಬ್ ಐಡಿ ಕೆಳಗಿದೆ. ಆ ಟೀಮ್ ಹೇಗಿದೆ ಅಂತ ನಿಮಗೆ ಗೊತ್ತಿದ್ದರೆ ಹೇಳಿ, ಅದೇ ನನಗೆ ಉಪಕಾರ. ಸರಿ ಅನ್ನಿಸಿದರೆ ರೆಸ್ಯೂಮನ್ನು ಪೋರ್ಟಲ್‌ನಲ್ಲಿ ಹಾಕಬಹುದಾ? ನಾವು ಜೊತೆಗಿದ್ದದ್ದು ಎಂಟು ತಿಂಗಳು ಮಾತ್ರ, ಹಾಗಾಗಿ ಗೊತ್ತಿರುವಷ್ಟನ್ನೇ ಬರೆದರೆ ಸಾಕು. ಅಲ್ಲಿನ ನಿಯಮದಿಂದಲೋ ಬೇರೆ ಕಾರಣದಿಂದಲೋ ಆಗದಿದ್ದರೆ ಪರವಾಗಿಲ್ಲ, ಶುಕ್ರವಾರದ ನಂತರ ನಾನೇ ನೇರವಾಗಿ ಅಪ್ಲೈ ಮಾಡುತ್ತೇನೆ.’

ಕೊನೆಯ ಸಾಲು ಬರೀ ಮರ್ಯಾದೆಯ ಮಾತಲ್ಲ. ‘ಆಗದಿದ್ದರೆ ಪರವಾಗಿಲ್ಲ’ ಎಂದು ಎಲ್ಲರೂ ಬರೆಯುತ್ತಾರೆ, ಯಾರೂ ನಂಬುವುದಿಲ್ಲ. ಆದರೆ ನಿಮಗೆ ಬೇರೆ ದಾರಿಯಿದೆ, ಅದು ಇಂಥ ದಿನ ಶುರುವಾಗುತ್ತದೆ ಎಂದು ತಿಳಿದಾಗ ಶ್ರುತಿ ಉತ್ತರ ಕೊಡದೆ ಸುಮ್ಮನಿದ್ದರೂ ಯಾರ ಮುಖವೂ ಕೆಡುವುದಿಲ್ಲ. ಟೀಮಿನ ಬಗ್ಗೆ ನಾಲ್ಕು ಮಾತು ಹೇಳಿ ರೆಫರಲ್ ವಿಷಯ ಎತ್ತದಿದ್ದರೆ, ಅದೇ ಉತ್ತರ ಎಂದು ತಿಳಿಯಿರಿ.

ನೇರ ಅರ್ಜಿಯನ್ನು ಶುಕ್ರವಾರದವರೆಗೆ ತಡೆದದ್ದಕ್ಕೂ ಕಾರಣವಿದೆ. ನೀವಾಗಿಯೇ ಅರ್ಜಿ ಹಾಕಿಬಿಟ್ಟಿದ್ದರೆ ಅನೇಕ ಪೋರ್ಟಲ್‌ಗಳು ಅದೇ ಇಮೇಲನ್ನು ಗುರುತಿಸಿ ರೆಫರಲ್ ಅನ್ನು ತಿರಸ್ಕರಿಸುತ್ತವೆ. ಹಿಂದೆ ಎಂದಾದರೂ ಅಲ್ಲಿ ಅಪ್ಲೈ ಮಾಡಿದ್ದರೆ, ಇಂಟರ್‌ವ್ಯೂ ಕೊಟ್ಟಿದ್ದರೆ ಮೊದಲೇ ಹೇಳಿಬಿಡಿ. ಇಲ್ಲವಾದರೆ ಆಕೆ ಫಾರ್ಮೆಲ್ಲ ತುಂಬಿದ ಮೇಲೆ ‘ಡೂಪ್ಲಿಕೇಟ್’ ಎಂದು ಬಂದು ಶ್ರಮವೆಲ್ಲ ದಂಡ. ಅದೇ ಕಾರಣಕ್ಕೆ ಇಬ್ಬರು ಮೂವರು ಪರಿಚಿತರನ್ನು ಒಟ್ಟಿಗೆ ಕೇಳಬಾರದು. ಸಾಮಾನ್ಯವಾಗಿ ಮೊದಲು ಹಾಕಿದವರದ್ದೇ ನಿಲ್ಲುತ್ತದೆ, ಉಳಿದವರಿಗೆ ನೀವು ಊರೆಲ್ಲ ಕೇಳಿದ್ದು ಗೊತ್ತಾಗುತ್ತದೆ.

ಕೇಳುವವರು ಮರೆಯುವ ಇನ್ನೊಂದು ಸಂಗತಿಯಿದೆ. ಹಳೆಯ ಕಂಪನಿ ಬಿಡುವಾಗ ಶ್ರುತಿ, ಅಲ್ಲಿನ ನೌಕರರನ್ನು ಇಂತಿಷ್ಟು ಕಾಲ ಸೆಳೆಯುವುದಿಲ್ಲ ಎಂಬ ಷರತ್ತಿಗೆ ಸಹಿ ಹಾಕಿರಬಹುದು. ಮಂಜುನಾಥ ಇನ್ನೂ ಅಲ್ಲೇ ಇದ್ದರೆ, ತಾನೇ ಬಂದು ಕೇಳಿದವರನ್ನು ರೆಫರ್ ಮಾಡುವುದು ಆ ಷರತ್ತಿನೊಳಗೆ ಬರುತ್ತದೋ ಇಲ್ಲವೋ, ಆಕೆಗೆ ಅಳುಕು ಇದ್ದೇ ಇರುತ್ತದೆ. ‘ನಿಯಮದಿಂದಲೋ’ ಎಂಬ ಪದ ಮೆಸೇಜಿನಲ್ಲಿ ಸೇರಿದ್ದು ಅದಕ್ಕೇ. ಆಕೆ ಕಾರಣ ವಿವರಿಸಬೇಕಿಲ್ಲ.

ಆಯ್ಕೆಯಾದರೆ ಆಕೆಗೂ ಬೋನಸ್ ಸಿಗಬಹುದು, ಹೆಚ್ಚಿನ ಕಡೆ ಹೊಸಬರು ಕೆಲವು ತಿಂಗಳು ನೆಲೆಯೂರಿದ ಮೇಲೆ. ದಯವಿಟ್ಟು ಅದನ್ನು ಬಾಯಿಬಿಟ್ಟು ಹೇಳಬೇಡಿ, ಸ್ನೇಹಕ್ಕೆ ದಲ್ಲಾಳಿ ಕಮಿಷನ್ ಕಟ್ಟಿದಂತಾಗುತ್ತದೆ.

ಶ್ರುತಿ ಒಪ್ಪಿದರೆ ರೆಸ್ಯೂಮ್ ಪಿಡಿಎಫ್, ನೋಟಿಸ್ ಪೀರಿಯಡ್, ನೀವಿಬ್ಬರೂ ಜೊತೆಗೆ ಮಾಡಿದ ಕೆಲಸದ ಬಗ್ಗೆ ಮೂರು ಸಾಲು, ಇಷ್ಟನ್ನು ಒಂದೇ ಇಮೇಲ್‌ನಲ್ಲಿ ಕಳಿಸಿ. ಆಮೇಲೆ ‘ಏನಾಯ್ತು?’ ಎಂದು ಆಕೆಯನ್ನು ಕೇಳುತ್ತಿರಬೇಡಿ. ರೆಫರ್ ಮಾಡಿದವರಿಗೆ ಪೋರ್ಟಲ್‌ನಲ್ಲಿ ಕಾಣುವುದು ‘ಪರಿಶೀಲನೆಯಲ್ಲಿದೆ’ ಎಂಬಷ್ಟೇ ಇರಬಹುದು. ರಿಕ್ರೂಟರ್ ಫೋನ್ ಮಾಡಿದ ದಿನ ಸುದ್ದಿ ನೀವೇ ಮುಟ್ಟಿಸಿ, ಆಯ್ಕೆಯಾಗದಿದ್ದರೂ ಒಂದು ಸಾಲು ಹಾಕಿ.