ನಿಮಗಿದು ಗೊತ್ತೇ? ಮ್ಯಾಸ್ಕಾಟ್ ನಿಮ್ಮದಾದರೆ ಸಾಲದು, ಹಕ್ಕೂ ನಿಮ್ಮದಾಗಬೇಕು

ಹೊನ್ನಾವರದ ಪಕ್ಕದ ಕರ್ಕಿಯಲ್ಲಿ ಒಬ್ಬರು ಮುರುಗಲು ಶರಬತ್ತಿನ ವ್ಯಾಪಾರ ಶುರು ಮಾಡುತ್ತಾರೆ ಎಂದುಕೊಳ್ಳಿ. ಬಾಟಲಿಯ ಮೇಲೆ ನಗುವ ಯಕ್ಷಗಾನದ ಹಾಸ್ಯಗಾರನ ಚಿತ್ರ. ಬಡಗುತಿಟ್ಟಿನಲ್ಲಿ ಹೆಸರಾದ ಹಾಸ್ಯಗಾರ ಮನೆತನದ ಊರಿಗೆ ಇದಕ್ಕಿಂತ ಒಪ್ಪುವ ಮ್ಯಾಸ್ಕಾಟ್ ಇನ್ನೇನಿದೆ? ಆದರೆ ಆ ನಗುಮುಖ ಕಾನೂನಿನ ಕಣ್ಣಿಗೆ ಯಾರದು, ಎಷ್ಟರ ಮಟ್ಟಿಗೆ?

ಹಾಸ್ಯಗಾರ ಎಲ್ಲರವನು, ನಿಮ್ಮ ಹಾಸ್ಯಗಾರ ಮಾತ್ರ ನಿಮ್ಮವನು.
ಕಲ್ಪನೆಗೆ ಕಾಪಿರೈಟ್ ಇಲ್ಲ, ಅದು ಪಡೆದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ನಮ್ಮ ಕರಾವಳಿಗೇ ಸೇರಿದ ಉದಾಹರಣೆಯೂ ಉಂಟು. ಶಿವರಾಮ ಕಾರಂತರು ಹೊಸದಾಗಿ ರೂಪಿಸಿದ ಯಕ್ಷಗಾನ ಬ್ಯಾಲೆಗಳ ಹಕ್ಕು ಯಾರದು ಎಂಬ ಜಗಳ ಉಡುಪಿಯ ನ್ಯಾಯಾಲಯದಲ್ಲಿ ಶುರುವಾಗಿ 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಯಕ್ಷಗಾನ ಯಾರ ಸ್ವತ್ತೂ ಅಲ್ಲ. ಆದರೆ ಅದಕ್ಕೆ ಕಾರಂತರು ಕೊಟ್ಟ ಹೊಸ ರೂಪ ಕಾಪಿರೈಟಿನ ರಕ್ಷಣೆಗೆ ಅರ್ಹವಾಯಿತು. ಶರಬತ್ತಿನವರಿಗೂ ಇದೇ ಲೆಕ್ಕ. ಇನ್ನೊಬ್ಬರು ಹಾಸ್ಯಗಾರನನ್ನು ಬರೆಯುವುದನ್ನು ಅವರು ತಡೆಯಲಾರರು. ಓರೆ ಟೋಪಿ, ಉಬ್ಬಿದ ಕೆನ್ನೆ, ಕೈಯಲ್ಲಿ ಕೆಂಪು ಲೋಟ ಹಿಡಿದ ತಮ್ಮದೇ ಚಿತ್ರವನ್ನು ಕದ್ದರೆ ತಡೆಯಬಲ್ಲರು.

ಗೆರೆಗೆ ಗೆರೆ ನಕಲಾಗದಿದ್ದರೂ ಸಿಕ್ಕಿಬೀಳಬಹುದು.
'ಸ್ವಲ್ಪ ಬದಲಾಯಿಸಿದರೆ ಸಾಕು' ಎನ್ನುವವರು 1997ರ ದೆಹಲಿ ಹೈಕೋರ್ಟಿನ ಕಾಮಿಕ್ಸ್ ಪ್ರಕರಣವನ್ನು ನೋಡಬೇಕು. ರಾಜಾ ಪಾಕೆಟ್ ಬುಕ್ಸ್‌ನ ನಾಯಕ ನಾಗರಾಜ್. ಎದುರಾಳಿ ಪ್ರಕಾಶಕರು ತಂದ ನಾಯಕ ನಾಗೇಶ್. ಇಬ್ಬರಿಗೂ ಹಾವಿನ ಚರ್ಮದಂಥ ಹಸಿರು ಮೈಯುಡುಗೆ, ಕೆಂಪು ಚಡ್ಡಿ, ಹಾವಿನಂತೆ ಕಾಣುವ ಬೆಲ್ಟು. ಹೆಸರು ಬೇರೆ, ಚಿತ್ರವೂ ಬೇರೆ ಕೈಯದು. ಆದರೂ ಕೋರ್ಟು ನಾಗೇಶನಿಗೆ ತಡೆ ಹಾಕಿತು. ನೋಡುವವರು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ಎಣಿಸುವುದಿಲ್ಲ. ಮನಸ್ಸಿನಲ್ಲಿ ಉಳಿದ ಒಟ್ಟು ಚಹರೆಯಿಂದಲೇ ಗುರುತು ಹಿಡಿಯುತ್ತಾರೆ. ಹಾಗಾಗಿ ನಿಮ್ಮ ಮ್ಯಾಸ್ಕಾಟನ್ನು ಪರೀಕ್ಷಿಸುವುದೂ ಹಾಗೆಯೇ: ಚಿತ್ರವನ್ನು ಒಂದು ಗಳಿಗೆ ತೋರಿಸಿ ಮುಚ್ಚಿ, 'ಇದು ಯಾರ ಹಾಗಿದೆ?' ಎಂದು ಕೇಳಿ. ನಾಲ್ಕು ಜನ ಒಂದೇ ಹೆಸರು ಹೇಳಿದರೆ ಬಣ್ಣ, ಉಡುಗೆ, ಮೈಕಟ್ಟು ಮೂರನ್ನೂ ಬದಲಿಸುವುದು ಒಳ್ಳೆಯದು.

ದುಡ್ಡು ಕೊಟ್ಟ ಮಾತ್ರಕ್ಕೆ ಚಿತ್ರ ನಿಮ್ಮದಾಗುವುದಿಲ್ಲ.
ಹೆಚ್ಚಿನವರು ಎಡವುವುದು ಇಲ್ಲಿ. ಸಂಬಳಕ್ಕಿರುವ ಕಲಾವಿದ ಕೆಲಸದ ಭಾಗವಾಗಿ ಬರೆದದ್ದು ಬೇರೆ ಕರಾರಿಲ್ಲದಿದ್ದರೆ ಮಾಲೀಕರದು. ಆದರೆ ಹೊರಗಿನ ಕಲಾವಿದರಿಂದ ಬರೆಸಿದ ಲಾಂಛನದ ಚಿತ್ರಕ್ಕೆ ಸಾಮಾನ್ಯವಾಗಿ ಬರೆದವರೇ ಮೊದಲ ಹಕ್ಕುದಾರರು. ಹಕ್ಕು ನಿಮ್ಮ ಕೈಗೆ ಬರಬೇಕಾದರೆ ಅವರ ಸಹಿಯಿರುವ ಲಿಖಿತ ವರ್ಗಾವಣೆ ಪತ್ರ ಬೇಕು. ಗೂಗಲ್ ಪೇ ರಸೀದಿ ಪತ್ರವಾಗದು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಪಿರೈಟ್ ಕಾಯ್ದೆಯ 19ನೇ ಕಲಮಿನಂತೆ ಅದು 5 ವರ್ಷಕ್ಕೆ ಮಾತ್ರ ಎಂದು ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಮ್ಮವರ ಶರಬತ್ತು 6ನೇ ವರ್ಷ ದುಬೈಗೆ ಹೊರಟಾಗ, ಬಾಟಲಿಯ ಮೇಲಿನ ಹಾಸ್ಯಗಾರ ಕಾನೂನಿನ ಪ್ರಕಾರ ಕಲಾವಿದರ ಬಳಿಗೇ ಮರಳಿರುತ್ತಾನೆ!

ಸಂಬಳ ಕೊಡುವ ಮಾಲೀಕರ ಹಕ್ಕಿಗೂ ಮಿತಿಯುಂಟು. ಕೇರಳದ ವ್ಯಂಗ್ಯಚಿತ್ರಕಾರ ಟಾಮ್ಸ್ ಪತ್ರಿಕೆಯ ನೌಕರಿ ಬಿಟ್ಟ ಮೇಲೂ ತಮ್ಮ 'ಬೋಬನ್ ಮತ್ತು ಮೋಳಿ' ಜೋಡಿಯನ್ನು ಬರೆಯಬಹುದೇ ಎಂಬ ಪ್ರಶ್ನೆ ಕೇರಳ ಹೈಕೋರ್ಟಿಗೆ ಹೋಗಿತ್ತು. ನೌಕರಿಗೆ ಮೊದಲೇ ಹುಟ್ಟಿದ ಪಾತ್ರಗಳವು. ಮುಂದೆ ಬರೆಯದಂತೆ ಅವರನ್ನು ತಡೆಯಲಾಗದು ಎಂದು 1988ರಲ್ಲಿ ಕೋರ್ಟು ಹೇಳಿತು.

ಕಾಪಿರೈಟಿಗೆ ಕೊನೆಯುಂಟು, ಟ್ರೇಡ್‌ಮಾರ್ಕಿಗಿಲ್ಲ.
ಚಿತ್ರ ಬರೆದ ಕ್ಷಣದಿಂದಲೇ ಕಾಪಿರೈಟ್ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಕಲಾವಿದರ ಜೀವಿತಾವಧಿ ಮತ್ತು ಅವರ ನಂತರದ 60 ವರ್ಷ ಅದು ಇರುತ್ತದೆ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಗಟ್ಟು ಎಂಬ ತುಂಟ ಹುಡುಗನನ್ನು ಬರೆದುಕೊಟ್ಟರು. ಅವರು ತೀರಿಕೊಂಡದ್ದು 2015ರಲ್ಲಿ. ಅಂದರೆ ಅವರ ಚಿತ್ರಗಳನ್ನು 2075ರ ಕೊನೆಯವರೆಗೂ ಯಾರೆಂದರವರು ಬಳಸುವಂತಿಲ್ಲ.

ಟ್ರೇಡ್‌ಮಾರ್ಕ್ 10 ವರ್ಷದ್ದು. ಆದರೆ ನವೀಕರಿಸುತ್ತ ಹೋದಷ್ಟು ಕಾಲ ಬಾಳುತ್ತದೆ. ಮೈಸೂರು ಸ್ಯಾಂಡಲ್ ಸೋಪಿನ ಶರಭ ನೋಡಿ: ಸಿಂಹದ ಮೈ, ಆನೆಯ ತಲೆ. ಶರಭ ಪುರಾಣದ್ದು, ಯಾರು ಬೇಕಾದರೂ ಬರೆಯಬಹುದು. ಆದರೆ ಅದೇ ರೂಪವನ್ನು ಸೋಪಿನ ಪೊಟ್ಟಣದ ಮೇಲೆ ಅಚ್ಚು ಹಾಕಿದರೆ ಗಿರಾಕಿ ಮೋಸಹೋಗುತ್ತಾನೆ. ಟ್ರೇಡ್‌ಮಾರ್ಕ್ ತಡೆಯುವುದು ಆ ಮೋಸವನ್ನೇ.

ಶರಬತ್ತಿಗೆ ಪಡೆದ ಹಕ್ಕು ಟೀ ಶರ್ಟಿಗೆ ತಾನಾಗಿ ಬರುವುದಿಲ್ಲ.
ಟ್ರೇಡ್‌ಮಾರ್ಕಿನಲ್ಲಿ ಸರಕು, ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಶರಬತ್ತು 32ನೇ ವರ್ಗ, ಬಟ್ಟೆ 25, ಆಟಿಕೆ 28. ಪ್ರತಿ ವರ್ಗಕ್ಕೂ ಬೇರೆ ಶುಲ್ಕ. ಆನ್‌ಲೈನಿನಲ್ಲಿ ಟಿಎಂ-ಎ ಅರ್ಜಿ ಹಾಕಿದರೆ ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ 4,500 ರೂಪಾಯಿ, ಉಳಿದವರಿಗೆ 9,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಅರ್ಜಿ ಒಪ್ಪಿಗೆಯಾಗಿ ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟವಾದ ಮೇಲೆ ಯಾರಾದರೂ ಆಕ್ಷೇಪಿಸಲು 4 ತಿಂಗಳ ಅವಕಾಶವಿದೆ. ಅರ್ಜಿ ಹಾಕಿದ ಮೇಲೆ ಟಿಎಂ ಎಂದು ಬರೆದುಕೊಳ್ಳಬಹುದು. ವೃತ್ತದೊಳಗಿನ ಆರ್ ಅಕ್ಷರ ನೋಂದಣಿಯ ನಂತರವೇ. ಮೊದಲೇ ಹಾಕಿದರೆ ಅದೇ ತಪ್ಪಾಗುತ್ತದೆ.

50ರ ನಂತರದ ಗೊಂಬೆ ಅಪಾಯದಲ್ಲಿದೆ.
ಹಾಸ್ಯಗಾರನ ಗೊಂಬೆಯನ್ನು ಅಚ್ಚಿನಲ್ಲಿ ಹೊಯ್ದು ಮಾರುವ ಆಸೆಯಿದ್ದರೆ ಕಾಪಿರೈಟ್ ಕಾಯ್ದೆಯ 15ನೇ ಕಲಮಿನ ಮೇಲೆ ಕಣ್ಣಿರಲಿ. ವಿನ್ಯಾಸ ಕಾಯ್ದೆಯಲ್ಲಿ ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಕಾಪಿರೈಟ್ ಹೋಗುತ್ತದೆ. ನಕಲು ಮಾಡಿದವರ ವಕೀಲರು ಕೋರ್ಟಿನಲ್ಲಿ ಮೊದಲು ಎತ್ತುವ ವಾದವೇ ಇದು. ವಿನ್ಯಾಸ ನೋಂದಣಿ 10 ವರ್ಷದ್ದು, ಇನ್ನೂ 5 ವರ್ಷ ವಿಸ್ತರಿಸಬಹುದು. ಆದರೆ ಗೊಂಬೆ ಜಾತ್ರೆಯಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಕಾಣಿಸಿಕೊಳ್ಳುವ ಮೊದಲೇ ಅರ್ಜಿ ಹೋಗಿರಬೇಕು. ಬಹಿರಂಗವಾದ ವಿನ್ಯಾಸ ಹೊಸದಲ್ಲ.

ಹೆಸರಷ್ಟೇ ಅಲ್ಲ, ಮುಖವನ್ನೂ ಹುಡುಕಬಹುದು.
ipindia.gov.in ತಾಣದ ಟ್ರೇಡ್‌ಮಾರ್ಕ್ ಹುಡುಕಾಟ ಉಚಿತ. ಹೆಸರು ಹಾಕಿ ನೋಡುವುದು ಎಲ್ಲರಿಗೂ ಗೊತ್ತು. ಅಲ್ಲೇ ವಿಯೆನ್ನಾ ಕೋಡ್ ಎಂಬ ಆಯ್ಕೆಯೂ ಇದೆ. ಚಿತ್ರಗಳಿಗೆ ಅಂತರರಾಷ್ಟ್ರೀಯ ಒಪ್ಪಂದದಂತೆ ಕೊಟ್ಟ ಸಂಖ್ಯೆ ಅದು: 2ರಿಂದ ಶುರುವಾದರೆ ಮನುಷ್ಯರು, 3 ಪ್ರಾಣಿಗಳು, 4 ಶರಭದಂಥ ಕಲ್ಪನೆಯ ಜೀವಿಗಳು. ಶರಬತ್ತಿನವರು 32ನೇ ವರ್ಗದಲ್ಲಿ 2ರ ಗುಂಪಿನ ಚಿತ್ರಗಳನ್ನು ಮೊದಲು ನೋಡಬೇಕು. ಆಮೇಲೆ ಹತ್ತಿರದ ಸರಕಾದ ಉಪ್ಪಿನಕಾಯಿ ಇರುವ 29ರಲ್ಲೂ ಕಣ್ಣಾಡಿಸಬೇಕು. ಕಲಾವಿದರಿಗೆ ಮುಂಗಡ ಕೊಡುವ ಮೊದಲು ಈ ಕೆಲಸವಾದರೆ ಬದಲಿಸಬೇಕಾದದ್ದು ಪೆನ್ಸಿಲ್ ಗೆರೆ ಮಾತ್ರ. ಬಾಟಲಿ ಅಂಗಡಿ ಸೇರಿದ ಮೇಲಾದರೆ ಅಂಟಿಸಿದ ಲೇಬಲನ್ನೆಲ್ಲ ಕೀಳಬೇಕಾದೀತು.