ಎಐ ವಿಡಿಯೊದಲ್ಲಿ ಕಾಲು ತಪ್ಪದ ನಡಿಗೆ

ಬರೆದುಕೊಟ್ಟ ವಿವರಣೆಯಿಂದ ವಿಡಿಯೊ ತಯಾರಿಸುವ ಎಐ ಸಾಧನಗಳಿಗೆ ಮನುಷ್ಯನ ನಡಿಗೆ ಇಂದಿಗೂ ಕಠಿಣ ಪರೀಕ್ಷೆ. ಓಪನ್‌ಎಐ ಸಂಸ್ಥೆ 2024ರ ಫೆಬ್ರವರಿಯಲ್ಲಿ ಸೋರಾವನ್ನು ಪರಿಚಯಿಸಿದಾಗ, ಟೋಕಿಯೊದ ಬೀದಿಯಲ್ಲಿ ಮಹಿಳೆಯೊಬ್ಬಳು ನಡೆದು ಬರುವ ದೃಶ್ಯವನ್ನು ಪ್ರದರ್ಶಿಸಿತ್ತು. ನೋಡಲು ಬಹಳ ಸೊಗಸಾದ ಆ ದೃಶ್ಯದಲ್ಲೂ ನಡುವೆ ಎಡಗಾಲು ಬಲಗಾಲುಗಳು ಸದ್ದಿಲ್ಲದೆ ಅದಲುಬದಲಾಗುವುದನ್ನು ಸೂಕ್ಷ್ಮವಾಗಿ ಗಮನಿಸಿದವರು ಗುರುತಿಸಿದರು.

ಇದಕ್ಕೆ ಕಾರಣ ಸಾಧನ ಕೆಲಸ ಮಾಡುವ ರೀತಿಯಲ್ಲೇ ಇದೆ. ಕಾರ್ಟೂನ್ ಚಿತ್ರಗಳ ತ್ರೀಡಿ ಪಾತ್ರಗಳಿಗೆ ಇರುವಂತೆ ಇದರೊಳಗೆ ಮೂಳೆ, ಕೀಲುಗಳ ಚೌಕಟ್ಟು ಇರುವುದಿಲ್ಲ. ಅಪಾರ ಸಂಖ್ಯೆಯ ವಿಡಿಯೊಗಳಿಂದ ಚಿತ್ರಗಳು ಹೇಗೆ ಬದಲಾಗುತ್ತವೆ ಎಂಬುದನ್ನಷ್ಟೇ ಅದು ಕಲಿತಿರುತ್ತದೆ. ಒಂದು ಕಾಲು ಇನ್ನೊಂದರ ಹಿಂದೆ ಕ್ಷಣಕಾಲ ಮರೆಯಾದರೆ, ಹೊರಬಂದ ಕಾಲು ಯಾವುದು ಎಂಬುದನ್ನು ಅದು ಊಹಿಸಬೇಕಾಗುತ್ತದೆ. ಊಹೆ ತಪ್ಪಿದಾಗ ಕಾಲು ಬದಲಾಗುತ್ತದೆ ಅಥವಾ ಮೂರನೆಯದೊಂದು ಮೂಡುತ್ತದೆ. ಚಲನೆ ವೇಗವಾದಷ್ಟೂ, ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಅಂಗದ ಸ್ಥಾನ ಹೆಚ್ಚು ಬದಲಾದಷ್ಟೂ ಈ ಅಪಾಯ ಹೆಚ್ಚು. ಆದ್ದರಿಂದ ಪ್ರಾಂಪ್ಟ್ ಬರೆಯುವವರ ಕೆಲಸವೆಂದರೆ ಸಾಧನ ಊಹಿಸಬೇಕಾದ ಸಂದರ್ಭಗಳನ್ನು ಕಡಿಮೆ ಮಾಡುವುದು.

ಹೊಸಬರು ಸಾಮಾನ್ಯವಾಗಿ ಬರೆಯುವ ಸಾಲೊಂದನ್ನು ನೋಡಬಹುದು: ‘ಯುವತಿಯೊಬ್ಬಳು ಬೀದಿಯಲ್ಲಿ ನಡೆದು, ಓಡಿ, ಗಿರಕಿ ಹೊಡೆದು ಕುಣಿಯುತ್ತಾಳೆ.’ ಇದರಲ್ಲಿ ನಾಲ್ಕು ಕ್ರಿಯೆಗಳಿವೆ. ಅನೇಕ ಸಾಧನಗಳು ಒಮ್ಮೆಗೆ ಕೊಡುವುದು 5ರಿಂದ 10 ಸೆಕೆಂಡುಗಳ ತುಣುಕನ್ನು. ಆರಾಮವಾಗಿ ನಡೆಯುವವರು ನಿಮಿಷಕ್ಕೆ ಸುಮಾರು 100ರಿಂದ 120 ಹೆಜ್ಜೆ ಹಾಕುತ್ತಾರೆ. ಎಂದರೆ 5 ಸೆಕೆಂಡಿನಲ್ಲಿ ಎಂಟು ಹತ್ತು ಹೆಜ್ಜೆಗಳಷ್ಟೇ ಸಾಧ್ಯ. ಅಷ್ಟರಲ್ಲಿ ನಾಲ್ಕು ಕ್ರಿಯೆಗಳನ್ನು ತುರುಕಿದರೆ ಒಂದು ಭಂಗಿ ಮುಗಿಯುವ ಮೊದಲೇ ಇನ್ನೊಂದು ಅದರೊಳಗೆ ಕರಗುತ್ತದೆ. ಕೈಕಾಲು ವಿಕಾರವಾಗುವುದು ಹೆಚ್ಚಾಗಿ ಇಂಥ ಸಂಧಿಯಲ್ಲೇ.

ಅದೇ ದೃಶ್ಯವನ್ನು ಹೀಗೆ ಬರೆಯಬಹುದು: ‘ಯುವತಿಯೊಬ್ಬಳು ಕಲ್ಲುಹಾಸಿನ ಬೀದಿಯಲ್ಲಿ ಕ್ಯಾಮೆರಾದ ಕಡೆಗೆ, ತುಸು ಓರೆಯಾಗಿ, ಆರಾಮವಾದ ಗತಿಯಲ್ಲಿ ನಡೆದು ಬರುತ್ತಾಳೆ. ಪ್ರತಿ ಹೆಜ್ಜೆಗೂ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ, ದೇಹದ ಭಾರ ಆ ಕಾಲಿಗೆ ಹೊರಳುತ್ತದೆ. ಕೈಗಳು ಕಾಲಿಗೆ ಎದುರಾಗಿ ಹಗುರವಾಗಿ ಬೀಸುತ್ತವೆ. ಕ್ಯಾಮೆರಾ ಅಲುಗದೆ ನಿಂತಿದೆ; ತಲೆಯಿಂದ ಪಾದದವರೆಗೆ ಇಡೀ ದೇಹ ಕಾಣುತ್ತದೆ.’ ಇಲ್ಲಿ ಕ್ರಿಯೆ ಒಂದೇ. ಗತಿ, ದಿಕ್ಕು, ನೆಲದ ಸಂಪರ್ಕ ಎಲ್ಲವೂ ನಿಶ್ಚಿತ. ಓರೆ ಕೋನವನ್ನು ಆರಿಸಿದ್ದಕ್ಕೂ ಕಾರಣವಿದೆ. ನೇರ ಪಕ್ಕದಿಂದ ನೋಡಿದರೆ ಪ್ರತಿ ಹೆಜ್ಜೆಯಲ್ಲೂ ಒಂದು ಕಾಲು ಇನ್ನೊಂದನ್ನು ಪೂರ್ತಿ ಮರೆಮಾಡುತ್ತದೆ. ಓರೆಯಾಗಿ ನೋಡಿದರೆ ಎರಡೂ ಬಹುಪಾಲು ಕಾಣುತ್ತಿರುತ್ತವೆ. ಕ್ಯಾಮೆರಾವೂ ಚಲಿಸಿದರೆ ಪಾದ ನೆಲದ ಮೇಲೆ ಜಾರಿದಂತೆ ಕಾಣುವ ದೋಷ ಸುಲಭವಾಗಿ ಬರುತ್ತದೆ.

ಓಟ ಎಂದರೆ ವೇಗದ ನಡಿಗೆಯಲ್ಲ. ನಡಿಗೆಯಲ್ಲಿ ಒಂದು ಪಾದವಾದರೂ ಸದಾ ನೆಲದಲ್ಲಿರುತ್ತದೆ, ಓಟದಲ್ಲಿ ಎರಡೂ ಪಾದಗಳು ಗಾಳಿಯಲ್ಲಿರುವ ಕ್ಷಣವಿದೆ. ‘ವೇಗವಾಗಿ’ ಎಂದಷ್ಟೇ ಬರೆದರೆ ಎರಡರ ನಡುವಿನ ಅಸಹಜ ಚಲನೆ ಬರಬಹುದು. ‘ನಿಧಾನಗತಿಯ ಜಾಗಿಂಗ್, ಮೊಣಕೈ ಮಡಚಿದೆ, ಮುಂಡ ತುಸು ಮುಂದಕ್ಕೆ ಬಾಗಿದೆ’ ಎಂದರೆ ಆಯ್ಕೆ ಸ್ಪಷ್ಟವಾಗುತ್ತದೆ.

ನೃತ್ಯದಲ್ಲಿ ಹೆಸರಿಗಿಂತ ದೇಹದ ವರ್ಣನೆ ಹೆಚ್ಚು ನೆರವಾಗುತ್ತದೆ. ‘ಭರತನಾಟ್ಯ ಮಾಡುತ್ತಾಳೆ’ ಎಂದರೆ ವೇಷಭೂಷಣ ಸರಿಯಾಗಿ ಬಂದು, ಅಡವು ಗೊಂದಲವಾಗುವ ಸಾಧ್ಯತೆಯೇ ಹೆಚ್ಚು. ಆರಂಭಕ್ಕೆ ತಟ್ಟಡವು ಒಳ್ಳೆಯ ಆಯ್ಕೆ. ಏಕೆಂದರೆ ಅದರಲ್ಲಿ ಕೈಗಳು ಸೊಂಟದ ಮೇಲೇ ನಿಲ್ಲುತ್ತವೆ, ಕಾಲು ಮಾತ್ರ ಚಲಿಸುತ್ತದೆ. ‘ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕುಳಿತಿದ್ದಾಳೆ. ಬಲಪಾದವನ್ನು ಎತ್ತಿ ನೆಲಕ್ಕೆ ಚಪ್ಪಟೆಯಾಗಿ ತಟ್ಟುತ್ತಾಳೆ, ಬಳಿಕ ಎಡಪಾದ. ಸೊಂಟದ ಎತ್ತರ ಬದಲಾಗುವುದಿಲ್ಲ’ ಎಂದು ಬರೆಯಬಹುದು. ಹಸ್ತಮುದ್ರೆಗಳನ್ನು ಬೇರೆ ಸಮೀಪದೃಶ್ಯಕ್ಕೆ ಮೀಸಲಿಡುವುದು ಕ್ಷೇಮ. ದೂರದ ದೃಶ್ಯದಲ್ಲಿ ಬೆರಳುಗಳಿಗೆ ಸಿಗುವ ಜಾಗ ತೀರ ಕಿರಿದು, ಅವು ಬೇಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

‘ಹೆಚ್ಚುವರಿ ಕಾಲು ಬೇಡ’ ಎಂದು ಮುಖ್ಯ ವಿವರಣೆಯೊಳಗೆ ಬರೆಯುವುದನ್ನು ನೆಚ್ಚಿಕೊಳ್ಳುವಂತಿಲ್ಲ. ‘ಬೇಡ’ ಎಂಬುದು ಹಲವು ಬಾರಿ ಸಾಧನಕ್ಕೆ ತಾಕುವುದಿಲ್ಲ, ಹೆಸರಿಸಿದ ವಸ್ತುವೇ ಚಿತ್ರಕ್ಕೆ ನುಸುಳಬಹುದು. ಬೇಡದ್ದನ್ನು ಬರೆಯಲು ಕೆಲವು ಸಾಧನಗಳಲ್ಲಿ ಪ್ರತ್ಯೇಕ ಜಾಗವಿದೆ. ಅದಿದ್ದರೆ ಅಲ್ಲೇ ಬರೆಯಬೇಕು.

ಫಲಿತಾಂಶವನ್ನು ಪರೀಕ್ಷಿಸುವಾಗ ವಿಡಿಯೊವನ್ನು ಕಾಲುಭಾಗ ವೇಗಕ್ಕೆ ಇಳಿಸಿ, ಒಂದೇ ಪಾದವನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಲ್ಲಿ ಹಿಂಬಾಲಿಸಬೇಕು. ಊರಿದ ಪಾದ ಜಾರಿತೇ, ಮಂಡಿ ಹಿಂದುಮುಂದಾಗಿ ಬಾಗಿತೇ, ಕಾಲುಗಳು ದಾಟುವಾಗ ಎಡ ಬಲವಾಯಿತೇ ಎಂಬುದು ಆಗ ತಿಳಿಯುತ್ತದೆ. ಪಾದ ಜಾರಿದ್ದರೆ ಮೊದಲು ಕ್ಯಾಮೆರಾವನ್ನು ನಿಲ್ಲಿಸಿ ನೋಡಬೇಕು, ಕಾಲು ಬದಲಾಗಿದ್ದರೆ ಕೋನವನ್ನು ಬದಲಿಸಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿದರೆ ಯಾವುದು ಫಲಿಸಿತು ಎಂಬುದು ಗೊತ್ತಾಗುತ್ತದೆ. ಆದರೂ ಒಂದೇ ಪ್ರಾಂಪ್ಟ್ ಪ್ರತಿ ಬಾರಿಯೂ ಬೇರೆ ಬೇರೆ ತುಣುಕು ಕೊಡುತ್ತದೆ. ಹಾಗಾಗಿ ಚೆನ್ನಾಗಿ ಬರೆದ ವಿವರಣೆಯಿಂದಲೂ ಮೂರು ನಾಲ್ಕು ತುಣುಕು ತೆಗೆದು, ಕಾಲು ತಪ್ಪದ ಭಾಗವನ್ನು ಕತ್ತರಿಸಿ ಉಳಿಸಿಕೊಳ್ಳುವುದೇ ಸದ್ಯದ ರೂಢಿ.