ಇಸಿ ‘ನಿಲ್’ ಬಂದಿದೆ ಅಂದರೆ ಜಮೀನು ಕ್ಲಿಯರ್ ಇದೆ ಎಂದರ್ಥವೇ?

“ಜಾಗ ಕೊಳ್ಳುವ ಮುಂಚೆ ಇಸಿ ತೆಗೆಸಿ. ನಿಲ್ ಅಂತ ಬಂದರೆ ಏನೂ ತೊಂದರೆ ಇಲ್ಲ, ಧೈರ್ಯವಾಗಿ ಅಡ್ವಾನ್ಸ್ ಕೊಡಿ.” ಈ ರೀತಿಯ ಸಲಹೆಯನ್ನು ನಾವೆಲ್ಲರೂ ಮನೆಯ ಗ್ರೂಪಿನಲ್ಲೋ ಬ್ರೋಕರ್ ಬಾಯಲ್ಲೋ ಕೇಳಿರುತ್ತೇವೆ. ಇದರ ಮೊದಲ ಅರ್ಧ ಸರಿ, ಇಸಿ ತೆಗೆಸಲೇಬೇಕು. ಎರಡನೆಯ ಅರ್ಧವನ್ನು ನಂಬಿದರೆ ಮಾತ್ರ ಕಷ್ಟ. ಇಸಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಅದು ಬಿಟ್ಟದ್ದನ್ನು ಎಲ್ಲಿ ಓದಬೇಕು ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಇಸಿ ಎಂದರೆ ಋಣಭಾರ ಪ್ರಮಾಣಪತ್ರ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನ, ದಾನ, ವಿಭಾಗ ಮುಂತಾದ ಪತ್ರಗಳ ಪಟ್ಟಿ ಅದು. ವ್ಯವಹಾರಗಳು ಸಿಕ್ಕರೆ ನಮೂನೆ 15ರಲ್ಲಿ ಅವುಗಳ ವಿವರ ಬರುತ್ತದೆ. ಏನೂ ಸಿಗದಿದ್ದರೆ ನಮೂನೆ 16 ಬರುತ್ತದೆ. ಜನ ‘ನಿಲ್ ಇಸಿ’ ಅನ್ನುವುದು ಇದಕ್ಕೇ. ಗಮನಿಸಬೇಕಾದ ಮಾತು ‘ನೋಂದಣಿಯಾದ’ ಎಂಬುದು. ಆ ಕಚೇರಿಗೆ ಹೋಗದೆಯೇ ಆದ ಬದಲಾವಣೆ ಇಸಿಯಲ್ಲಿ ಬರುವುದಿಲ್ಲ. ಅಂದರೆ ನಿಲ್ ಇಸಿ ಹೇಳುವುದು ಇಷ್ಟೇ: ನೀವು ಕೇಳಿದ ಸರ್ವೆ ನಂಬರಿನಲ್ಲಿ, ನೀವು ಕೇಳಿದ ವರ್ಷಗಳಲ್ಲಿ, ನೋಂದಣಿಯಾದ ಪತ್ರ ಸಿಗಲಿಲ್ಲ.

ಒಂದು ಉದಾಹರಣೆ

ಕರ್ನಾಟಕದ ಒಂದು ಹಳ್ಳಿಯಲ್ಲಿ ಸರ್ವೆ ನಂಬರ್ 48, ಹಿಸ್ಸಾ 2ರ ಜಮೀನು ಮಾರಾಟಕ್ಕಿದೆ ಎಂದುಕೊಳ್ಳಿ. ಮಾರುವವರು ಇಬ್ಬರು ಅಣ್ಣ ತಮ್ಮಂದಿರು. “ಒಂದು ಎಕರೆ ಒಂಬತ್ತು ಗುಂಟೆ ಇದೆ, ಪಹಣಿ ನಮ್ಮ ಹೆಸರಲ್ಲೇ ಇದೆ, ಇಸಿ ನಿಲ್” ಎಂದು ಹೇಳಿ ಮೂರೂ ಕಾಗದ ತೋರಿಸುತ್ತಾರೆ. ಕಾಗದಗಳೇನೂ ನಕಲಿಯಲ್ಲ. ಆದರೂ ಈ ವ್ಯವಹಾರದಲ್ಲಿ ಎರಡು ದೊಡ್ಡ ತೊಂದರೆಗಳಿವೆ. ಎರಡೂ ಪಹಣಿಯನ್ನು ಸರಿಯಾಗಿ ಓದಿದರೆ ಸಿಗುತ್ತವೆ.

ಮೊದಲು ಓದಬೇಕಾದದ್ದು ವಿಸ್ತೀರ್ಣ

ಪಹಣಿಯನ್ನು, ಅಂದರೆ ಆರ್‌ಟಿಸಿಯನ್ನು, ಭೂಮಿ ಜಾಲತಾಣ landrecords.karnataka.gov.in ನಲ್ಲಿ ಯಾರು ಬೇಕಾದರೂ ನೋಡಬಹುದು. ಅದರ ಮೊದಲ ಎರಡು ಕಾಲಂಗಳಲ್ಲಿ ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್ ಇರುತ್ತವೆ. ಮೂರನೆಯದು ವಿಸ್ತೀರ್ಣದ ಕಾಲಂ. ಇಲ್ಲಿ ಒಟ್ಟು ವಿಸ್ತೀರ್ಣ, ಎ ಖರಾಬು, ಬಿ ಖರಾಬು, ಉಳಿದದ್ದು ಎಂದು ಬೇರೆ ಬೇರೆ ಸಾಲುಗಳಿವೆ.

ಎ ಖರಾಬು ಎಂದರೆ ಬಂಡೆ, ಕಣ ಮುಂತಾಗಿ ಬೇಸಾಯಕ್ಕೆ ಬಾರದ ಭಾಗ. ಬಿ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆ ಹೀಗೆ ಸಾರ್ವಜನಿಕ ಬಳಕೆಗೆ ಬಿಟ್ಟ ಭಾಗ. ಬಿ ಖರಾಬನ್ನು ಮಾರುವ ಹಕ್ಕು ಜಮೀನಿನವರಿಗೆ ಇಲ್ಲ.

ನಮ್ಮ ಉದಾಹರಣೆಯಲ್ಲಿ ಒಟ್ಟು 1 ಎಕರೆ 9 ಗುಂಟೆ, ಅದರಲ್ಲಿ ಬಿ ಖರಾಬು 4 ಗುಂಟೆ. ಒಂದು ಎಕರೆಗೆ 40 ಗುಂಟೆ, ಆದ್ದರಿಂದ ಒಟ್ಟು 49 ಗುಂಟೆಯಲ್ಲಿ ಮಾರಬಹುದಾದದ್ದು 45 ಗುಂಟೆ ಮಾತ್ರ. ಒಂದು ಗುಂಟೆಗೆ 1,089 ಚದರ ಅಡಿಯಂತೆ 4 ಗುಂಟೆ ಎಂದರೆ 4,356 ಚದರ ಅಡಿ. 30x40 ಅಳತೆಯ ಮೂರೂವರೆ ಸೈಟಿಗಿಂತ ಹೆಚ್ಚು ಜಾಗಕ್ಕೆ ನೀವು ಸುಮ್ಮನೆ ದುಡ್ಡು ಕೊಡುತ್ತಿದ್ದಿರಿ.

ಇನ್ನು ತೋರಿಸಿದ ಜಾಗವೂ ಕಾಗದದಲ್ಲಿರುವ ಜಾಗವೂ ಒಂದೇ ಹೌದೇ ಎಂದು ನೋಡಬೇಕು. ಜಮೀನಿನಲ್ಲಿ ನಿಂತು ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದರೆ ನೀವಿರುವ ಜಾಗದ ಸರ್ವೆ ನಂಬರ್ ಕಾಣಿಸುತ್ತದೆ. ಬ್ರೋಕರ್ 48 ಎಂದು ತೋರಿಸಿದ ಜಾಗ 51 ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆದರೆ ಆ್ಯಪ್ ತೋರಿಸುವ ಗೆರೆಯನ್ನು ನಂಬಿ ಬೇಲಿ ಹಾಕಬಾರದು. ಗಡಿಯ ಬಗ್ಗೆ ಅನುಮಾನವಿದ್ದರೆ ಭೂಮಾಪನ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಹಾಕಿಸಬೇಕು. ಆಗ ಸರ್ಕಾರಿ ಸರ್ವೇಯರ್ ಬಂದು ಗಡಿ ಗುರುತಿಸುತ್ತಾರೆ. ಹಿಸ್ಸಾದ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಮಾಡಿದ 11ಇ ನಕ್ಷೆಯೂ ಬೇಕು.

9, 10, 11: ಈ ಮೂರು ಕಾಲಂ ಬಿಡಬೇಡಿ

ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು ಇರುತ್ತದೆ. ಹೆಚ್ಚಿನವರು ಇಷ್ಟು ನೋಡಿ ಪಹಣಿ ಮಡಚಿಡುತ್ತಾರೆ. ಆದರೆ ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಹೇಳುವುದು 10ನೇ ಕಾಲಂ. 11ರಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು ಇರುತ್ತವೆ. ಸಹಕಾರ ಸಂಘದ ಬೆಳೆ ಸಾಲ, ಬ್ಯಾಂಕ್ ಸಾಲ, ಕೋರ್ಟಿನ ಆದೇಶ ದಾಖಲಾಗಿದ್ದರೆ ಇಲ್ಲಿ ಕಾಣುತ್ತವೆ. ಸಾಲ ತೀರಿದೆ ಎಂದು ಮಾರುವವರು ಹೇಳಿದರೂ ಬೇಬಾಕಿ ಪತ್ರ ತಂದು ಈ ನಮೂದು ತೆಗೆಸಿದ ಮೇಲೆಯೇ ಮುಂದುವರಿಯಬೇಕು.

ನಮ್ಮ ಉದಾಹರಣೆಯಲ್ಲಿ 9ನೇ ಕಾಲಂನಲ್ಲಿ ಅಣ್ಣ ತಮ್ಮಂದಿರ ಹೆಸರಿದೆ. 10ನೇ ಕಾಲಂನಲ್ಲಿ ‘ಎಂಆರ್ 7/2011-12’ ಎಂದಿದೆ. ಎಂಆರ್ ಎಂದರೆ ಮ್ಯುಟೇಶನ್ ರಿಜಿಸ್ಟರ್. ಆ ವರ್ಷ ಆ ರಿಜಿಸ್ಟರಿನ 7ನೇ ನಮೂದಿನ ಮೂಲಕ ಖಾತೆ ಬದಲಾಗಿದೆ ಎಂದು ಇದರ ಅರ್ಥ. ಮುಂದಿನ ಹೆಜ್ಜೆ ಆ ಎಂಆರ್ ಪ್ರತಿ ತೆಗೆಯುವುದು. ತೆಗೆದು ನೋಡಿದರೆ ಅಲ್ಲಿ ಇರುವುದು ‘ಪೌತಿ’ ಎಂಬ ಒಂದೇ ಕಾರಣ. ತಂದೆ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಖಾತೆಯಾಗಿದೆ.

ಪೌತಿ ಖಾತೆ ಆಗುವುದು ಕಂದಾಯ ಇಲಾಖೆಯಲ್ಲಿ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ಆಧಾರದ ಮೇಲೆ ಆಗುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾವ ಪತ್ರವೂ ನೋಂದಣಿಯಾಗುವುದಿಲ್ಲ. ಹಾಗಾಗಿಯೇ ಇಸಿ ನಿಲ್ ಬಂದಿದೆ. ಇಸಿ ಸುಳ್ಳು ಹೇಳಲಿಲ್ಲ, ಅದಕ್ಕೆ ಈ ವಿಷಯ ಗೊತ್ತೇ ಇಲ್ಲ.

ಹೆಸರಿಲ್ಲದವರ ಪಾಲು

ಈಗ ಊರಲ್ಲಿ ವಿಚಾರಿಸಿದಾಗ ತಿಳಿದದ್ದು: ತಂದೆ 1983ರಲ್ಲಿ ಈ ಜಮೀನನ್ನು ಸ್ವಂತ ದುಡ್ಡಿನಿಂದ ಕೊಂಡಿದ್ದರು, ವಿಲ್ ಬರೆಯದೆ 2010ರಲ್ಲಿ ತೀರಿಕೊಂಡರು. ಹೆಂಡತಿ ಇದ್ದಾರೆ. ಇಬ್ಬರು ಗಂಡುಮಕ್ಕಳ ಜೊತೆಗೆ ಮದುವೆಯಾಗಿ ಬೇರೆ ಊರಲ್ಲಿರುವ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಹಿಂದೂ ಪುರುಷ ವಿಲ್ ಬರೆಯದೆ ತೀರಿಕೊಂಡರೆ ಅವರ ಸ್ವಂತ ಸಂಪಾದನೆಯ ಆಸ್ತಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಬದುಕಿದ್ದರೆ ತಾಯಿಗೆ ಸಮನಾಗಿ ಹೋಗುತ್ತದೆ. ಇಲ್ಲಿ ಅಜ್ಜಿ ಇಲ್ಲ ಎಂದಿಟ್ಟುಕೊಂಡರೆ ಐದು ಪಾಲು. 45 ಗುಂಟೆಯಲ್ಲಿ ಒಬ್ಬೊಬ್ಬರಿಗೆ 9 ಗುಂಟೆ. ಅಣ್ಣ ತಮ್ಮಂದಿರು ಸೇರಿ ಮಾರಬಹುದಾದದ್ದು 18 ಗುಂಟೆಯ ಹಕ್ಕು ಮಾತ್ರ. ಉಳಿದ 27 ಗುಂಟೆ ತಾಯಿ ಮತ್ತು ಅಕ್ಕ ತಂಗಿಯರದು. ಅವರ ಸಹಿ ಇಲ್ಲದೆ ಕ್ರಯವಾದರೆ, ನಾಳೆ ಅವರು ಪಾಲು ಕೇಳಿ ಕೋರ್ಟಿಗೆ ಹೋದಾಗ ಪ್ರತಿವಾದಿಗಳ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರುತ್ತದೆ.

“ಪಹಣಿಯಲ್ಲಿ ಅವರ ಹೆಸರೇ ಇಲ್ಲವಲ್ಲ” ಎಂಬ ವಾದ ನಿಲ್ಲುವುದಿಲ್ಲ. ಕಂದಾಯ ದಾಖಲೆಯ ನಮೂದನ್ನು, ತಪ್ಪೆಂದು ಸಾಬೀತಾಗುವವರೆಗೆ, ಸರಿ ಎಂದು ಭಾವಿಸಲಾಗುತ್ತದೆ ನಿಜ. ಆದರೆ ಖಾತೆ ಬದಲಾವಣೆಯಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ.

ಇದಕ್ಕೆ ಪರಿಹಾರವಿದೆ. ತಾಯಿ ಮತ್ತು ಅಕ್ಕ ತಂಗಿಯರೂ ಮಾರುವವರಾಗಿ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಇಲ್ಲವೇ ಮೊದಲೇ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿರಬೇಕು. “ಅಕ್ಕ ಏನೂ ಕೇಳೋದಿಲ್ಲ ಬಿಡಿ” ಎಂಬ ಬಾಯಿಮಾತು ಸಾಲದು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟಿರುವ ಸಾಧ್ಯತೆಯೂ ಇರುವುದರಿಂದ ಅದೊಂದನ್ನೇ ನಂಬದೆ ಅಕ್ಕಪಕ್ಕದ ಜಮೀನಿನವರನ್ನೂ ಗ್ರಾಮ ಆಡಳಿತ ಅಧಿಕಾರಿಯನ್ನೂ ಕೇಳಬೇಕು.

ಇಸಿಯನ್ನು ಹೇಗೆ ಕೇಳಬೇಕು?

ಆ 1983ರ ಕ್ರಯಪತ್ರ ಇಸಿಯಲ್ಲಿ ಯಾಕೆ ಬರಲಿಲ್ಲ? ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಇಸಿ ತೆಗೆದಾಗ ಅದು ಹುಡುಕಿದ್ದು 2004ರ ಏಪ್ರಿಲ್ 1ರಿಂದ ಈಚಿನದನ್ನು ಮಾತ್ರ. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇರೆಯಾಗಿ ಅರ್ಜಿ ಕೊಡಬೇಕು. ಆದ್ದರಿಂದ ಯಾರಾದರೂ ಇಸಿ ಕೈಗಿಟ್ಟರೆ ಮೊದಲು ಓದಬೇಕಾದದ್ದು ‘ಯಾವಾಗಿನಿಂದ ಯಾವಾಗಿನವರೆಗೆ’ ಎಂಬ ಸಾಲು.

ಎರಡನೆಯದು ಸರ್ವೆ ನಂಬರ್. ನೀವು ಕೊಟ್ಟ ವಿವರಕ್ಕೆ ಹೊಂದುವ ಪತ್ರಗಳಷ್ಟೇ ಇಸಿಯಲ್ಲಿ ಬರುತ್ತವೆ. 48/2 ಎಂಬ ಹಿಸ್ಸಾ ಪೋಡಿಯಾಗಿ ಹುಟ್ಟಿದ್ದು 1990ರ ನಂತರ ಎಂದುಕೊಳ್ಳಿ. ಅದಕ್ಕೂ ಮೊದಲಿನ ಪತ್ರಗಳಲ್ಲಿ ಬರೀ 48 ಎಂದಿರುತ್ತದೆ. 48/2 ಎಂದಷ್ಟೇ ಕೇಳಿದರೆ ಅವು ತಪ್ಪಿಹೋಗಬಹುದು. ಹಳೆಯ ನಂಬರಿಗೂ ಒಂದು ಇಸಿ ತೆಗೆಸಬೇಕು.

ಇನ್ನೂ ಹಿಂದಕ್ಕೆ ಹೋದಾಗ

1983ರಲ್ಲಿ ತಂದೆಗೆ ಮಾರಿದವರಿಗೆ ಜಮೀನು ಎಲ್ಲಿಂದ ಬಂತು ಎಂದೂ ನೋಡಬೇಕು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಕೈಬರಹದ ಪಹಣಿ ಸಿಗುತ್ತದೆ. ಅಲ್ಲಿ ‘ದರಖಾಸ್ತು’ ಅಥವಾ ‘ಗ್ರಾಂಟ್’ ಎಂದಿದ್ದರೆ ನಿಲ್ಲಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಅದಕ್ಕೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಮಂಜೂರಾತಿಯ ಷರತ್ತು ಮೀರಿದ ಮಾರಾಟ, ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿಯಿಲ್ಲದೆ ಆದ ಮಾರಾಟ, ಎರಡೂ ಅಸಿಂಧು. ನಡುವೆ ಎಷ್ಟು ಕೈ ಬದಲಾಗಿದ್ದರೂ ಜಮೀನನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ವಾಪಸ್ ಕೊಡಿಸಲು ಅವಕಾಶವಿದೆ. ಆ ಮಾರಾಟಗಳೆಲ್ಲ ಇಸಿಯಲ್ಲಿ ಸರಿಯಾಗಿಯೇ ಕಾಣುತ್ತಿರುತ್ತವೆ, ಅಸಿಂಧು ಎಂದು ಮಾತ್ರ ಅದರಲ್ಲಿ ಬರೆದಿರುವುದಿಲ್ಲ.

ಹಾಗಾದರೆ ನಿಜವೇನು?

‘ಇಸಿ ನಿಲ್ ಬಂದರೆ ಜಮೀನು ಕ್ಲಿಯರ್’ ಎಂಬುದು ತಪ್ಪು. ‘ಪಹಣಿಯಲ್ಲಿ ಹೆಸರಿದ್ದರೆ ಅವರೇ ಪೂರ್ತಿ ಮಾಲೀಕರು’ ಎಂಬುದೂ ತಪ್ಪು. ಇಸಿ ನೋಂದಣಿಯಾದದ್ದನ್ನು ಹೇಳುತ್ತದೆ, ಎಂಆರ್ ಖಾತೆ ಬದಲಾದ ಕಾರಣವನ್ನು ಹೇಳುತ್ತದೆ, ಪಹಣಿ ಸದ್ಯದ ಸ್ಥಿತಿಯನ್ನು ಹೇಳುತ್ತದೆ. ಪಹಣಿಯಲ್ಲಿರುವ ಪ್ರತಿ ಹೆಸರಿಗೂ ಒಂದು ಎಂಆರ್, ಪ್ರತಿ ಎಂಆರ್‌ಗೂ ಒಂದು ಕ್ರಯಪತ್ರವೋ ವಿಭಾಗಪತ್ರವೋ ಪೌತಿಯೋ ಮಂಜೂರಾತಿಯೋ ಇರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಸಿಗದಿದ್ದರೆ, ಅಥವಾ ಪೌತಿ ಇದ್ದೂ ಹೆಣ್ಣುಮಕ್ಕಳ ಸಹಿ ಇಲ್ಲದಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆಯೇ ಆ ಕಾಗದಗಳನ್ನು ವಕೀಲರಿಗೆ ತೋರಿಸಿ.